ಡ್ಯುರೇಶನ್: ಬಡ್ಡಿದರ ಏರಿದರೆ ಬಾಂಡ್‌ಗೆ ಎಷ್ಟು ಪೆಟ್ಟು?

ಭಾರತ ಸರ್ಕಾರ 2022ರ ಜನವರಿಯಲ್ಲಿ ಹತ್ತು ವರ್ಷದ ಹೊಸ ಬಾಂಡ್ ಒಂದನ್ನು ಹರಾಜಿನಲ್ಲಿ ಮಾರಿತು. ವರ್ಷಕ್ಕೆ ಶೇ 6.54 ಬಡ್ಡಿ, 2032ಕ್ಕೆ ಅಸಲು ವಾಪಸು. ಸಾಲ ಪಡೆದದ್ದು ಕೇಂದ್ರ ಸರ್ಕಾರವೇ ಆದ್ದರಿಂದ ಅಸಲಿಗೋ ಬಡ್ಡಿಗೋ ಕುತ್ತು ಬಂದೀತೆಂಬ ಭಯ ಯಾರಿಗೂ ಇರಲಿಲ್ಲ. ಆ ವರ್ಷ ಮೇ 4ರಂದು ರಿಸರ್ವ್ ಬ್ಯಾಂಕ್ ರೆಪೊ ದರವನ್ನು ಶೇ 4ರಿಂದ 4.40ಕ್ಕೆ ಏರಿಸಿತು, ಜೂನ್‌ನಲ್ಲಿ 4.90ಕ್ಕೆ ಒಯ್ದಿತು. ಜೂನ್ ಹೊತ್ತಿಗೆ ಹತ್ತು ವರ್ಷದ ಸರ್ಕಾರಿ ಬಾಂಡ್‌ಗಳಿಂದ ಮಾರುಕಟ್ಟೆ ಬಯಸುತ್ತಿದ್ದ ಇಳುವರಿ ಶೇ 7.5 ದಾಟಿತ್ತು. ಶೇ 7.5ರ ಇಳುವರಿಗೆ ಲೆಕ್ಕ ಹಾಕಿದರೆ, ಶೇ 6.54ರ ಆ ಬಾಂಡ್‌ನ 100 ರೂಪಾಯಿ ಮುಖಬೆಲೆಗೆ ಸಿಗುವುದು ಸುಮಾರು 93.50 ರೂಪಾಯಿ ಮಾತ್ರ. ಸರ್ಕಾರ ಯಾವ ಮಾತಿಗೂ ತಪ್ಪಿರಲಿಲ್ಲ. ಆದರೂ ಐದೇ ತಿಂಗಳಲ್ಲಿ ಒಂದು ವರ್ಷದ ಬಡ್ಡಿಯಷ್ಟು ಹಣ ಬೆಲೆಯಲ್ಲೇ ಕರಗಿತ್ತು.

ಬಡ್ಡಿದರ ಏರಿದರೆ ಹಳೆಯ ಬಾಂಡ್‌ನ ಬೆಲೆ ಇಳಿಯುತ್ತದೆ ಎಂಬುದನ್ನು ಹೂಡಿಕೆದಾರರಲ್ಲಿ ಹಲವರು ಕೇಳಿರುತ್ತಾರೆ. ಎಷ್ಟು ಇಳಿಯುತ್ತದೆ ಎಂದು ಕೇಳಿದರೆ ಮಾತ್ರ ಉತ್ತರ ಸಿಗುವುದು ಕಷ್ಟ. ಆ ಉತ್ತರವನ್ನು ಒಂದೇ ಸಂಖ್ಯೆಯಲ್ಲಿ ಹೇಳುವ ಅಳತೆಯೇ ಡ್ಯುರೇಶನ್. ಸಾಲಪತ್ರಗಳಲ್ಲಿ ಹೂಡುವ ಪ್ರತಿಯೊಂದು ಮ್ಯೂಚುವಲ್ ಫಂಡ್‌ನ ಮಾಸಿಕ ಫ್ಯಾಕ್ಟ್‌ಶೀಟ್‌ನಲ್ಲಿ ಈ ಸಂಖ್ಯೆ ಅಚ್ಚಾಗಿರುತ್ತದೆ. ಅದನ್ನು ಓದಲು ಬಂದರೆ, ನಮ್ಮ ಹಣ ಎಷ್ಟು ಅಲುಗಾಡಬಹುದು ಎಂಬುದು ಹೂಡುವ ಮೊದಲೇ ತಿಳಿಯುತ್ತದೆ.

ಎರಡು ಬಾಂಡ್, ಒಂದೇ ಬಡ್ಡಿ

ಲೆಕ್ಕ ಸುಲಭವಾಗಲೆಂದು ಎರಡು ಬಾಂಡ್‌ಗಳನ್ನು ಕಲ್ಪಿಸಿಕೊಳ್ಳೋಣ. ಎರಡರ ಮುಖಬೆಲೆಯೂ 1,000 ರೂಪಾಯಿ, ಎರಡೂ ವರ್ಷಕ್ಕೊಮ್ಮೆ ಶೇ 7ರಂತೆ 70 ರೂಪಾಯಿ ಬಡ್ಡಿ ಕೊಡುತ್ತವೆ. ಮೊದಲನೆಯದು ಮೂರು ವರ್ಷಕ್ಕೆ ಮುಗಿಯುತ್ತದೆ, ಎರಡನೆಯದು ಹತ್ತು ವರ್ಷಕ್ಕೆ. ಮಾರುಕಟ್ಟೆಯ ದರವೂ ಇವತ್ತು ಶೇ 7 ಇರುವುದರಿಂದ ಎರಡೂ 1,000 ರೂಪಾಯಿಗೇ ಬಿಕರಿಯಾಗುತ್ತಿವೆ. ನಮ್ಮ ಸರ್ಕಾರಿ ಬಾಂಡ್‌ಗಳು ಆರು ತಿಂಗಳಿಗೊಮ್ಮೆ ಬಡ್ಡಿ ಕೊಡುತ್ತವೆ, ಆದರೆ ಅದರಿಂದ ಲೆಕ್ಕದ ದಾರಿಯೇನೂ ಬದಲಾಗುವುದಿಲ್ಲ.

ನಾಳೆ ಬೆಳಿಗ್ಗೆ ಮಾರುಕಟ್ಟೆ ದರ ಶೇ 8ಕ್ಕೆ ಏರಿತು ಎನ್ನಿ. ಈಗ 1,000 ರೂಪಾಯಿ ಕೊಟ್ಟವರಿಗೆ ವರ್ಷಕ್ಕೆ 80 ರೂಪಾಯಿ ಬಡ್ಡಿಯ ಹೊಸ ಬಾಂಡ್ ಸಿಗುತ್ತದೆ. ನಿಮ್ಮ ಕೈಯಲ್ಲಿರುವ ಹಳೆಯ ಬಾಂಡ್ ವರ್ಷಕ್ಕೆ 10 ರೂಪಾಯಿ ಕಡಿಮೆ ಕೊಡುತ್ತದೆ. ಅದನ್ನು ಕೊಳ್ಳುವವರು ಆ ಕೊರತೆಯನ್ನು ಬೆಲೆಯಲ್ಲಿ ಮುರಿದುಕೊಂಡೇ ಕೊಳ್ಳುತ್ತಾರೆ. ಮೂರು ವರ್ಷದ ಬಾಂಡ್‌ನಲ್ಲಿ ಈ ಕೊರತೆ ಮೂರು ಸಲ, ಹತ್ತು ವರ್ಷದ್ದರಲ್ಲಿ ಹತ್ತು ಸಲ. ಮುಂದೆ ಬರಬೇಕಾದ ಹಣಕ್ಕೆ ಇಂದಿನ ಬೆಲೆ ಕಡಿಮೆಯಾದ್ದರಿಂದ ನೇರವಾಗಿ 30 ರೂಪಾಯಿ, 100 ರೂಪಾಯಿ ಎಂದು ಕಳೆಯುವಂತಿಲ್ಲ; ಪ್ರತಿ ವರ್ಷದ 10 ರೂಪಾಯಿಯನ್ನೂ ಶೇ 8ರ ಲೆಕ್ಕದಲ್ಲಿ ಇಂದಿನ ಮೌಲ್ಯಕ್ಕೆ ಇಳಿಸಿ ಕೂಡಬೇಕು. ಹಾಗೆ ಕೂಡಿದರೆ ಮೂರು ವರ್ಷದ ಬಾಂಡ್ 25.77 ರೂಪಾಯಿ ಕಳೆದುಕೊಂಡು 974.23ಕ್ಕೆ ಬರುತ್ತದೆ. ಹತ್ತು ವರ್ಷದ್ದು 67.10 ರೂಪಾಯಿ ಕಳೆದುಕೊಂಡು 932.90ಕ್ಕೆ ಇಳಿಯುತ್ತದೆ.

ದರ ಏರಿದ್ದು ಎರಡಕ್ಕೂ ಒಂದೇ ಪ್ರಮಾಣದಲ್ಲಿ. ಒಂದಕ್ಕೆ ಬಿದ್ದ ಪೆಟ್ಟು ಶೇ 2.6, ಇನ್ನೊಂದಕ್ಕೆ ಶೇ 6.7. ಉಳಿದ ಅವಧಿ ಮೂರು ಪಟ್ಟಿಗಿಂತ ಹೆಚ್ಚಿದ್ದರೂ ಪೆಟ್ಟು ಎರಡೂವರೆ ಪಟ್ಟು ಮಾತ್ರ ಎಂಬುದನ್ನು ಗಮನಿಸಬೇಕು. ಬಾಂಡ್ ಯಾವ ವರ್ಷ ಮುಗಿಯುತ್ತದೆ ಎಂಬುದೊಂದನ್ನೇ ನೋಡಿ ಅಪಾಯವನ್ನು ಅಳೆಯಲು ಹೋದರೆ ಲೆಕ್ಕ ತಪ್ಪುತ್ತದೆ. ಕಾರಣ, ಹತ್ತು ವರ್ಷದ ಬಾಂಡ್‌ನ ಎಲ್ಲ ಹಣವೂ ಹತ್ತನೆಯ ವರ್ಷವೇ ಬರುವುದಿಲ್ಲ. ಮೊದಲ ವರ್ಷದಿಂದಲೇ ಸ್ವಲ್ಪ ಸ್ವಲ್ಪ ಕೈಸೇರುತ್ತಿರುತ್ತದೆ.

ಹಣ ಸರಾಸರಿ ಯಾವಾಗ ಬರುತ್ತದೆ?

ಈ ತೊಡಕನ್ನು ಬಿಡಿಸಿದವರು ಅರ್ಥಶಾಸ್ತ್ರಜ್ಞ ಫ್ರೆಡರಿಕ್ ಮೆಕಾಲೆ. ರೈಲ್ವೆ ಬಾಂಡ್‌ಗಳ ದಶಕಗಳ ಇಳುವರಿಯನ್ನು ಒಟ್ಟಿಗಿಟ್ಟು ಹೋಲಿಸುವ ಕೆಲಸದಲ್ಲಿ ತೊಡಗಿದ್ದ ಅವರಿಗೆ, ಬಾಂಡ್‌ನ ನಿಜವಾದ ಉದ್ದವನ್ನು ಹೇಳಲು ಮುಕ್ತಾಯದ ದಿನಾಂಕ ಸಾಲದು ಎನಿಸಿತು. 1938ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅವರು ಹೊಸದೊಂದು ಅಳತೆ ಕೊಟ್ಟರು. ಬಾಂಡ್‌ನಿಂದ ಬರುವ ಪ್ರತಿಯೊಂದು ಕಂತಿಗೂ ಅದರ ಇಂದಿನ ಮೌಲ್ಯದಷ್ಟು ತೂಕ ಕೊಟ್ಟು, ಎಲ್ಲ ಕಂತುಗಳ ಕಾಲದ ಸರಾಸರಿ ತೆಗೆಯುವುದು. ಈ ಸರಾಸರಿಯೇ ಮೆಕಾಲೆ ಡ್ಯುರೇಶನ್.

ಮೂರು ವರ್ಷದ ನಮ್ಮ ಬಾಂಡ್‌ನಲ್ಲಿ ಇದನ್ನು ಕೈಯಾರೆ ಮಾಡಿ ನೋಡಬಹುದು. ಮೊದಲ ವರ್ಷ ಬರುವ 70 ರೂಪಾಯಿಗೆ ಶೇ 7ರ ದರದಲ್ಲಿ ಇಂದಿನ ಮೌಲ್ಯ 65.42. ಎರಡನೆಯ ವರ್ಷದ 70 ರೂಪಾಯಿಗೆ 61.14. ಮೂರನೆಯ ವರ್ಷ ಬಡ್ಡಿಯೂ ಅಸಲೂ ಸೇರಿ ಬರುವ 1,070 ರೂಪಾಯಿಗೆ 873.44. ಮೂರೂ ಕೂಡಿದರೆ 1,000 ರೂಪಾಯಿ, ಅಂದರೆ ಬಾಂಡ್‌ನ ಇಂದಿನ ಬೆಲೆ. ಈಗ ಮೊದಲನೆಯದನ್ನು 1ರಿಂದ, ಎರಡನೆಯದನ್ನು 2ರಿಂದ, ಮೂರನೆಯದನ್ನು 3ರಿಂದ ಗುಣಿಸಿ ಕೂಡಿದರೆ ಸುಮಾರು 2,808 ಬರುತ್ತದೆ. ಅದನ್ನು 1,000ದಿಂದ ಭಾಗಿಸಿದರೆ 2.81. ಮೂರು ವರ್ಷದ ಬಾಂಡ್‌ನ ಡ್ಯುರೇಶನ್ 2.81 ವರ್ಷ.

ಹತ್ತು ವರ್ಷದ್ದಕ್ಕೂ ಇದೇ ಲೆಕ್ಕ, ಸಾಲುಗಳು ಹತ್ತು ಅಷ್ಟೆ. ಕೊನೆಯ ಕಂತು 1,070 ರೂಪಾಯಿಯಾದರೂ ಅದಕ್ಕೆ ಇಂದಿನ ಮೌಲ್ಯ ಬರೀ 543.93. ಉಳಿದ 456 ರೂಪಾಯಿಯಷ್ಟು ಮೌಲ್ಯ ಮೊದಲ ಒಂಬತ್ತು ವರ್ಷಗಳ ಬಡ್ಡಿಯಿಂದ ಬಂದದ್ದು. ಹೀಗಾಗಿ ಸರಾಸರಿ ಹತ್ತರಿಂದ ಹಿಂದೆ ಸರಿದು 7.52 ವರ್ಷಕ್ಕೆ ನಿಲ್ಲುತ್ತದೆ. ಅಡ್ಡೆಯ ಉದ್ದಕ್ಕೂ ಸಣ್ಣ ಸಣ್ಣ ಗಂಟುಗಳನ್ನು ಕಟ್ಟಿ, ಒಂದು ತುದಿಗೆ ಭಾರದ ಮೂಟೆಯನ್ನು ನೇತುಹಾಕಿದ್ದೀರಿ ಎಂದುಕೊಳ್ಳಿ. ಅಡ್ಡೆ ಯಾವ ಕಡೆಗೂ ವಾಲದಂತೆ ಹೆಗಲು ಕೊಡಬೇಕಾದ ಜಾಗ ಮೂಟೆಯ ಕಡೆಗೆ ಸರಿದಿರುತ್ತದೆ, ಆದರೆ ತುದಿಯಲ್ಲೇ ಇರುವುದಿಲ್ಲ. ಡ್ಯುರೇಶನ್ ಆ ಹೆಗಲಿನ ಜಾಗ.

ಬಡ್ಡಿಯೇ ಕೊಡದೆ, ಕೊನೆಗೆ ಒಂದೇ ಸಲ 1,000 ರೂಪಾಯಿ ಕೊಡುವ ಬಾಂಡ್‌ಗಳೂ ಇವೆ. ಇವನ್ನು ಜೀರೊ ಕೂಪನ್ ಬಾಂಡ್ ಎನ್ನುತ್ತಾರೆ. ಅಲ್ಲಿ ನಡುವೆ ಯಾವ ಕಂತೂ ಇಲ್ಲವಾದ್ದರಿಂದ ಹತ್ತು ವರ್ಷದ ಬಾಂಡ್‌ನ ಡ್ಯುರೇಶನ್ ಸರಿಯಾಗಿ ಹತ್ತೇ ವರ್ಷ. ಶೇ 7ರ ದರದಲ್ಲಿ 508.35 ರೂಪಾಯಿಗೆ ಮಾರಾಟವಾಗುವ ಅದು, ದರ ಶೇ 8 ಆದೊಡನೆ 463.19ಕ್ಕೆ ಇಳಿಯುತ್ತದೆ. ಸುಮಾರು ಶೇ 9ರಷ್ಟು ಪೆಟ್ಟು. ಮುಗಿಯುವ ವರ್ಷ ಒಂದೇ ಆದರೂ ಬಡ್ಡಿ ಕಡಿಮೆಯಿದ್ದಷ್ಟೂ ಡ್ಯುರೇಶನ್ ಹೆಚ್ಚು, ದರ ಏರಿದಾಗ ಬೀಳುವ ಪೆಟ್ಟೂ ಹೆಚ್ಚು.

ವರ್ಷದ ಲೆಕ್ಕ ಶೇಕಡಾವಾರು ಆಗುವ ಬಗೆ

ಇಲ್ಲಿಯವರೆಗೆ ಡ್ಯುರೇಶನ್ ಎಂದರೆ ವರ್ಷಗಳ ಸರಾಸರಿ. ಬೆಲೆ ಎಷ್ಟು ಇಳಿಯುತ್ತದೆ ಎಂಬುದಕ್ಕೂ ಇದಕ್ಕೂ ಏನು ನಂಟು? ಹಣ ಬರಲು ಸರಾಸರಿ ಎಷ್ಟು ವರ್ಷ ಕಾಯಬೇಕೋ, ದರದ ಏರಿಕೆಯ ಹೊಡೆತ ಸರಾಸರಿ ಅಷ್ಟು ವರ್ಷಗಳ ಮಟ್ಟಿಗೆ ಬೀಳುತ್ತದೆ. ಮೆಕಾಲೆ ಡ್ಯುರೇಶನ್ ಅನ್ನು 1.07ರಿಂದ, ಅಂದರೆ ಒಂದಕ್ಕೆ ಇಂದಿನ ಇಳುವರಿಯನ್ನು ಕೂಡಿ ಬಂದ ಸಂಖ್ಯೆಯಿಂದ ಭಾಗಿಸಿದರೆ ಸಿಗುವುದೇ ಮಾಡಿಫೈಡ್ ಡ್ಯುರೇಶನ್. ಮೂರು ವರ್ಷದ ಬಾಂಡ್‌ಗೆ ಅದು 2.62, ಹತ್ತು ವರ್ಷದ್ದಕ್ಕೆ 7.02.

ಈ ಸಂಖ್ಯೆಯನ್ನು ಬಳಸುವುದು ಬಹಳ ಸುಲಭ. ದರ ಶೇ 1ರಷ್ಟು, ಮಾರುಕಟ್ಟೆಯ ಮಾತಿನಲ್ಲಿ 100 ಮೂಲಾಂಶ, ಏರಿದರೆ ಬೆಲೆ ಸುಮಾರು ಶೇ 2.62 ಇಳಿಯುತ್ತದೆ ಎಂದು ಮೊದಲನೆಯದು ಹೇಳುತ್ತದೆ, ಶೇ 7.02 ಇಳಿಯುತ್ತದೆ ಎಂದು ಎರಡನೆಯದು. ದರ ಕಾಲು ಅಂಶ ಏರಿದರೆ ಅದರ ಕಾಲು ಭಾಗ. ದರ ಇಳಿದರೆ ಬೆಲೆ ಅಷ್ಟೇ ಏರುತ್ತದೆ. ಈ ಅಂದಾಜು ನಿಜವಾದ ಬೆಲೆಗೆ ಎಷ್ಟು ಹತ್ತಿರ ಬರುತ್ತದೆ ಎಂಬುದನ್ನು ಈ ಪಟ್ಟಿಯಲ್ಲಿ ನೋಡಬಹುದು.

| | 3 ವರ್ಷದ ಬಾಂಡ್ | 10 ವರ್ಷದ ಬಾಂಡ್ |
|---|---|---|
| ಇಂದಿನ ಬೆಲೆ (ದರ ಶೇ 7) | ₹1,000 | ₹1,000 |
| ಮೆಕಾಲೆ ಡ್ಯುರೇಶನ್ | 2.81 ವರ್ಷ | 7.52 ವರ್ಷ |
| ಮಾಡಿಫೈಡ್ ಡ್ಯುರೇಶನ್ | 2.62 | 7.02 |
| ಶೇ 1 ಬದಲಾವಣೆಗೆ ಅಂದಾಜು ಏರಿಳಿತ | ₹26.24 | ₹70.24 |
| ದರ ಶೇ 8 ಆದರೆ ನಿಜವಾದ ಇಳಿಕೆ | ₹25.77 | ₹67.10 |
| ದರ ಶೇ 6 ಆದರೆ ನಿಜವಾದ ಏರಿಕೆ | ₹26.73 | ₹73.60 |

ಕೊನೆಯ ಎರಡು ಸಾಲುಗಳಲ್ಲಿ ಒಂದು ಸ್ವಾರಸ್ಯವಿದೆ. ಇಳಿಕೆ ಅಂದಾಜಿಗಿಂತ ತುಸು ಕಡಿಮೆ, ಏರಿಕೆ ಅಂದಾಜಿಗಿಂತ ತುಸು ಹೆಚ್ಚು. ಬೆಲೆಗೂ ದರಕ್ಕೂ ಇರುವ ಸಂಬಂಧ ನೇರ ಗೆರೆಯಲ್ಲ, ಬಾಗಿದ ಗೆರೆ. ಡ್ಯುರೇಶನ್ ಆ ಬಾಗನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಈ ಬಾಗಿಗೆ ಕಾನ್ವೆಕ್ಸಿಟಿ ಎಂದು ಹೆಸರು. ದರದ ಬದಲಾವಣೆ ಸಣ್ಣದಿದ್ದಾಗ ಇದನ್ನು ಮರೆತರೂ ನಡೆಯುತ್ತದೆ, ದೊಡ್ಡದಾದಾಗ ನಡೆಯದು. ಹತ್ತು ವರ್ಷದ ಬಾಂಡ್‌ನ ದರ ಒಮ್ಮೆಗೇ ಶೇ 7ರಿಂದ 10ಕ್ಕೆ ನೆಗೆದರೆ ಡ್ಯುರೇಶನ್ ಪ್ರಕಾರ 211 ರೂಪಾಯಿ ಹೋಗಬೇಕು, ನಿಜವಾಗಿ ಹೋಗುವುದು 184 ರೂಪಾಯಿ.

ಒಂದು ಕೈಯಲ್ಲಿ ಹೋದದ್ದು ಇನ್ನೊಂದು ಕೈಯಲ್ಲಿ

ಡ್ಯುರೇಶನ್ ಅನ್ನು ನಷ್ಟದ ಅಳತೆ ಎಂದಷ್ಟೇ ತಿಳಿದರೆ ಅದರ ಅರ್ಧ ಮಾತ್ರ ತಿಳಿದಂತೆ. ದರ ಏರಿದಾಗ ಬೆಲೆ ಇಳಿಯುವುದು ನಿಜ. ಆದರೆ ಪ್ರತಿ ವರ್ಷ ಕೈಗೆ ಬರುವ 70 ರೂಪಾಯಿಯನ್ನು ಇನ್ನು ಮುಂದೆ ಶೇ 7ರ ಬದಲು ಶೇ 8ಕ್ಕೆ ಮತ್ತೆ ತೊಡಗಿಸಬಹುದು. ನಷ್ಟ ಮೊದಲ ದಿನವೇ ಕಾಣಿಸುತ್ತದೆ. ಲಾಭ ವರ್ಷ ಕಳೆದಂತೆ ನಿಧಾನವಾಗಿ ಸೇರುತ್ತಾ ಹೋಗುತ್ತದೆ. ಎರಡೂ ಸರಿಹೋಗುವ ದಿನವೊಂದು ಇರಲೇಬೇಕು. ಅದು ಯಾವುದು?

ಹತ್ತು ವರ್ಷದ ಬಾಂಡ್‌ನಲ್ಲಿ 1,000 ರೂಪಾಯಿ ಹಾಕಿ, ಬಂದ ಬಡ್ಡಿಯನ್ನೆಲ್ಲ ಮತ್ತೆ ಹೂಡುತ್ತಾ, ಏಳೂವರೆ ವರ್ಷದ ನಂತರ ಎಲ್ಲವನ್ನೂ ಮಾರಿದಿರಿ ಎನ್ನಿ. ದರ ಶೇ 7ರಲ್ಲೇ ಉಳಿದಿದ್ದರೆ ಆಗ ಕೈಯಲ್ಲಿರುವುದು 1,661 ರೂಪಾಯಿ. ಹೂಡಿದ ಮರುದಿನವೇ ದರ ಶೇ 8ಕ್ಕೆ ಏರಿ ಅಲ್ಲೇ ನಿಂತಿದ್ದರೆ? ಬಾಂಡ್ 932.90ಕ್ಕೆ ಇಳಿಯುತ್ತದೆ, ಅಲ್ಲಿಂದ ವರ್ಷಕ್ಕೆ ಶೇ 8ರಂತೆ ಬೆಳೆದು ಏಳೂವರೆ ವರ್ಷಕ್ಕೆ 1,661 ರೂಪಾಯಿ 55 ಪೈಸೆ ಆಗುತ್ತದೆ. ದರ ಶೇ 6ಕ್ಕೆ ಇಳಿದಿದ್ದರೆ 1,073.60ಕ್ಕೆ ಏರಿದ ಬಾಂಡ್ ಶೇ 6ರಂತೆ ನಿಧಾನವಾಗಿ ಬೆಳೆದು 1,662 ಆಗುತ್ತದೆ. ಮೂರು ದಾರಿ ಹಿಡಿದರೂ ತಲುಪುವ ಮೊತ್ತ ಹೆಚ್ಚೂಕಡಿಮೆ ಒಂದೇ, ಒಂದು ರೂಪಾಯಿ ಆಚೀಚೆ. ಆ ಏಳೂವರೆ ವರ್ಷವೇ ನಾವು ಆಗಲೇ ಲೆಕ್ಕ ಹಾಕಿದ ಮೆಕಾಲೆ ಡ್ಯುರೇಶನ್.

ಡ್ಯುರೇಶನ್ ವಿಷಯದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಈ ಅಂಶ. ಹಣ ಬೇಕಾಗುವ ದಿನ ಡ್ಯುರೇಶನ್‌ಗಿಂತ ಹತ್ತಿರವಿದ್ದರೆ ದರ ಏರುವುದು ನಿಮಗೆ ನಷ್ಟ. ಡ್ಯುರೇಶನ್‌ಗಿಂತ ದೂರವಿದ್ದರೆ ದರ ಏರುವುದೇ ಲಾಭ, ಇಳಿಯುವುದು ನಷ್ಟ. ಎರಡೂ ಹೊಂದಿದರೆ ದರ ಎತ್ತ ಹೋದರೂ ನಿಮ್ಮ ಗುರಿಯ ಮೊತ್ತಕ್ಕೆ ದೊಡ್ಡ ಧಕ್ಕೆಯಿಲ್ಲ. ಜೀವವಿಮಾ ಕಂಪನಿಗಳೂ ಪಿಂಚಣಿ ನಿಧಿಗಳೂ ಮುಂದೆ ತಾವು ಕೊಡಬೇಕಾದ ಹಣದ ಡ್ಯುರೇಶನ್‌ಗೆ ಸರಿಯಾಗಿ ಬಾಂಡ್ ಕೊಳ್ಳಲು ಹೆಣಗುವುದು ಇದೇ ಕಾರಣಕ್ಕೆ. ಆದ್ದರಿಂದ ಅಪಾಯ ಬಾಂಡ್ ಒಂದರಲ್ಲೇ ಇಲ್ಲ. ಬಾಂಡ್‌ನ ಡ್ಯುರೇಶನ್‌ಗೂ ನಿಮ್ಮ ಅಗತ್ಯದ ದಿನಕ್ಕೂ ನಡುವಿನ ಅಂತರದಲ್ಲಿದೆ.

ಸಿಲಿಕಾನ್ ವ್ಯಾಲಿ ಬ್ಯಾಂಕ್ ಮುಳುಗಿದ್ದು

ಈ ಅಂತರ ಎಷ್ಟು ಅಪಾಯಕಾರಿ ಎಂಬುದಕ್ಕೆ 2023ರ ಮಾರ್ಚ್‌ನಲ್ಲಿ ಅಮೆರಿಕದಲ್ಲಿ ಕುಸಿದ ಸಿಲಿಕಾನ್ ವ್ಯಾಲಿ ಬ್ಯಾಂಕ್ ಸಾಕ್ಷಿ. ಕ್ಯಾಲಿಫೋರ್ನಿಯಾದ ಈ ಬ್ಯಾಂಕ್‌ನ ಗ್ರಾಹಕರಲ್ಲಿ ಹೆಚ್ಚಿನವು ತಂತ್ರಜ್ಞಾನ ಕಂಪನಿಗಳು. 2020 ಮತ್ತು 2021ರಲ್ಲಿ ಅವು ತಂದು ಸುರಿದ ಠೇವಣಿಯ ದೊಡ್ಡ ಪಾಲನ್ನು ಬ್ಯಾಂಕ್ ಅಮೆರಿಕದ ಸರ್ಕಾರಿ ಬಾಂಡ್‌ಗಳಲ್ಲಿ, ಅದಕ್ಕಿಂತ ಹೆಚ್ಚಾಗಿ ಸರ್ಕಾರದ ಬೆಂಬಲವಿದ್ದ ಗೃಹಸಾಲದ ಬಾಂಡ್‌ಗಳಲ್ಲಿ ತೊಡಗಿಸಿತು. ಅಸಲು ಮುಳುಗುವ ಭಯ ಅವುಗಳಲ್ಲಿ ಇರಲಿಲ್ಲ. ಆಗಿನ ಬಡ್ಡಿದರವಾದರೋ ನೆಲಕಚ್ಚಿತ್ತು.

2022ರ ಮಾರ್ಚ್‌ನಿಂದ ಅಮೆರಿಕದ ಕೇಂದ್ರ ಬ್ಯಾಂಕ್ ಫೆಡರಲ್ ರಿಸರ್ವ್ ಒಂದೇ ಸಮನೆ ದರ ಏರಿಸಿತು. ಸೊನ್ನೆಯ ಹತ್ತಿರವಿದ್ದ ದರ ಒಂದು ವರ್ಷ ತುಂಬುವುದರೊಳಗೆ ಶೇ 4.5 ದಾಟಿತು. ಆ ವರ್ಷದ ಕೊನೆಗೆ, ಮುಕ್ತಾಯದವರೆಗೂ ಇಟ್ಟುಕೊಳ್ಳುತ್ತೇವೆಂದು ಬ್ಯಾಂಕ್ ಬೇರೆಯೇ ಇರಿಸಿದ್ದ ಬಾಂಡ್‌ಗಳ ಮೊತ್ತ ಸುಮಾರು 91 ಶತಕೋಟಿ ಡಾಲರ್. ಅವುಗಳ ಡ್ಯುರೇಶನ್ 6.2 ವರ್ಷ. ಈಗ ನಮ್ಮ ಸೂತ್ರವನ್ನು ಹಚ್ಚಿ ನೋಡಿ. ದರ ಶೇ 1 ಏರಿದರೆ ಸುಮಾರು ಶೇ 6 ಹೋಗಬೇಕು, ಎರಡೂವರೆ ಅಂಶ ಏರಿದರೆ ಶೇ 15ರ ಆಸುಪಾಸು. ಪುಸ್ತಕದಲ್ಲಿ ಕಾಣಿಸದೆ ಇದ್ದ ನಷ್ಟ ಆ ಹೊತ್ತಿಗೆ ಸುಮಾರು 15 ಶತಕೋಟಿ ಡಾಲರ್. ಅಂದಾಜು ತೀರಾ ತಪ್ಪಿರಲಿಲ್ಲ.

ಗೃಹಸಾಲದ ಬಾಂಡ್‌ಗಳಲ್ಲಿ ಇನ್ನೊಂದು ಬಲೆ ಇತ್ತು. ದರ ಕಡಿಮೆಯಿದ್ದಾಗ ಮನೆಸಾಲ ಪಡೆದವರು ಹಳೆಯ ಸಾಲ ತೀರಿಸಿ ಅಗ್ಗದ ಹೊಸ ಸಾಲ ಮಾಡುತ್ತಾರೆ, ಬಾಂಡ್‌ನ ಹಣ ಬೇಗ ವಾಪಸಾಗುತ್ತದೆ. ದರ ಏರಿದಾಗ ಅಗ್ಗದ ಹಳೆಯ ಸಾಲವನ್ನು ಯಾರೂ ಬೇಗ ತೀರಿಸುವುದಿಲ್ಲ, ಹಣ ಬರುವುದು ತಡವಾಗುತ್ತದೆ. ಅಂದರೆ ದರ ಏರಿದಂತೆ ಡ್ಯುರೇಶನ್ ತಾನೇ ತಾನಾಗಿ ಉದ್ದವಾಗುತ್ತದೆ. ಚಿಕ್ಕದಿರಬೇಕಾದ ಹೊತ್ತಿನಲ್ಲಿ ಅದು ದೊಡ್ಡದಾಗುತ್ತದೆ.

ಇಷ್ಟಾದರೂ ಬ್ಯಾಂಕ್‌ಗೆ ಮುಕ್ತಾಯದವರೆಗೂ ಕಾಯುವ ಅವಕಾಶ ಇದ್ದಿದ್ದರೆ ಹಣವೆಲ್ಲ ವಾಪಸಾಗುತ್ತಿತ್ತು. ಅದು ಇರಲಿಲ್ಲ. ಠೇವಣಿದಾರರು ಯಾವ ದಿನ ಬೇಕಾದರೂ ಹಣ ಕೇಳಬಹುದಿತ್ತು. ಮಾರ್ಚ್ 8ರಂದು ಬ್ಯಾಂಕ್, ಮಾರಾಟಕ್ಕೆಂದು ಇಟ್ಟಿದ್ದ ಸುಮಾರು 21 ಶತಕೋಟಿ ಡಾಲರ್ ಬಾಂಡ್‌ಗಳನ್ನು ಮಾರಿ 1.8 ಶತಕೋಟಿ ನಷ್ಟವಾಗಿದೆ ಎಂದು ಪ್ರಕಟಿಸಿತು. ಮರುದಿನ ಒಂದೇ ದಿನದಲ್ಲಿ ಠೇವಣಿದಾರರು 42 ಶತಕೋಟಿ ಡಾಲರ್ ಹಿಂತೆಗೆಯಲು ಮುಗಿಬಿದ್ದರು. ಮಾರ್ಚ್ 10ರಂದು ಅಧಿಕಾರಿಗಳು ಬ್ಯಾಂಕ್ ಮುಚ್ಚಿಸಿದರು. ಒಂದು ಕಡೆ ಆರು ವರ್ಷದ ಡ್ಯುರೇಶನ್, ಇನ್ನೊಂದು ಕಡೆ ನಾಳೆಯೇ ಕೊಡಬೇಕಾಗಬಹುದಾದ ಹಣ. ಬ್ಯಾಂಕ್ ಬಿದ್ದದ್ದು ಈ ಎರಡರ ನಡುವೆ.

ಈ ಅಳತೆ ಹೇಳದೆ ಬಿಡುವುದು

ಡ್ಯುರೇಶನ್ ಲೆಕ್ಕದಲ್ಲಿ ಒಂದು ಊಹೆ ಅಡಗಿದೆ. ಎಲ್ಲ ಅವಧಿಯ ದರಗಳೂ ಒಟ್ಟಿಗೆ, ಒಂದೇ ಪ್ರಮಾಣದಲ್ಲಿ ಏರಿಳಿಯುತ್ತವೆ ಎಂಬ ಊಹೆ. ಮಾರುಕಟ್ಟೆ ಹಾಗೆ ನಡೆಯುವುದು ಕಡಿಮೆ. 2022ರಲ್ಲಿ ನಮ್ಮಲ್ಲೇ ಒಂದೆರಡು ವರ್ಷದ ಬಾಂಡ್‌ಗಳ ಇಳುವರಿ ಹತ್ತು ವರ್ಷದ್ದಕ್ಕಿಂತ ಬಹಳ ಹೆಚ್ಚು ಏರಿತು. ಅಂಥ ಹೊತ್ತಿನಲ್ಲಿ ಕಡಿಮೆ ಡ್ಯುರೇಶನ್‌ನ ಬಾಂಡ್‌ಗೂ ನಿರೀಕ್ಷೆಗಿಂತ ಜಾಸ್ತಿ ಪೆಟ್ಟು ಬೀಳುತ್ತದೆ. ಡ್ಯುರೇಶನ್ ಹೇಳುವುದು ದರ ಇಷ್ಟು ಏರಿದರೆ ಬೆಲೆ ಇಷ್ಟು ಇಳಿಯುತ್ತದೆ ಎಂಬುದನ್ನಷ್ಟೆ. ಯಾವ ಬಾಂಡ್‌ನ ದರ ಎಷ್ಟು ಏರುತ್ತದೆ ಎಂಬುದನ್ನು ಅದು ಹೇಳಲಾರದು.

ಸಾಲ ಪಡೆದವರು ಹಣ ಕೊಡುತ್ತಾರೋ ಇಲ್ಲವೋ ಎಂಬುದೂ ಅದರ ಲೆಕ್ಕಕ್ಕೆ ಸೇರಿಲ್ಲ. 2020ರ ಏಪ್ರಿಲ್‌ನಲ್ಲಿ ಫ್ರಾಂಕ್ಲಿನ್ ಟೆಂಪಲ್ಟನ್ ಭಾರತದಲ್ಲಿ ತನ್ನ ಆರು ಸಾಲಪತ್ರ ಫಂಡ್‌ಗಳನ್ನು ಮುಚ್ಚಿ ಹಣ ವಾಪಸಾತಿಯನ್ನು ತಡೆಹಿಡಿದಾಗ, ಅವುಗಳಲ್ಲಿ 'ಲೋ ಡ್ಯುರೇಶನ್' ಎಂದೂ 'ಅಲ್ಟ್ರಾ ಶಾರ್ಟ್' ಎಂದೂ ಹೆಸರಿದ್ದ ಫಂಡ್‌ಗಳೂ ಇದ್ದವು. ತೊಂದರೆ ಬಡ್ಡಿದರದಿಂದ ಬಂದದ್ದಲ್ಲ. ಕಡಿಮೆ ರೇಟಿಂಗ್‌ನ ಸಾಲಪತ್ರಗಳನ್ನು ಕೋವಿಡ್ ಹೊತ್ತಿನಲ್ಲಿ ಕೊಳ್ಳುವವರೇ ಇರಲಿಲ್ಲ. ಆದ್ದರಿಂದ ಫ್ಯಾಕ್ಟ್‌ಶೀಟ್‌ನಲ್ಲಿ ಡ್ಯುರೇಶನ್ ನೋಡಿದ ಮೇಲೆ, ಹಣ ಯಾರ ಯಾರ ಸಾಲಪತ್ರಗಳಲ್ಲಿ ಇದೆ, ಅವುಗಳ ರೇಟಿಂಗ್ ಏನು ಎಂಬ ಪುಟವನ್ನೂ ತಿರುವಿ ನೋಡಬೇಕು.

ಫ್ಯಾಕ್ಟ್‌ಶೀಟ್ ಕೈಯಲ್ಲಿ ಹಿಡಿದು

ಸೆಬಿ 2017ರಲ್ಲಿ ಮ್ಯೂಚುವಲ್ ಫಂಡ್‌ಗಳನ್ನು ವರ್ಗೀಕರಿಸಿದಾಗ, ಸಾಲಪತ್ರ ಫಂಡ್‌ಗಳ ಹಲವು ವರ್ಗಗಳಿಗೆ ಮೆಕಾಲೆ ಡ್ಯುರೇಶನ್‌ನಿಂದಲೇ ಗಡಿ ಹಾಕಿತು. ಶಾರ್ಟ್ ಡ್ಯುರೇಶನ್ ಎಂದರೆ 1ರಿಂದ 3 ವರ್ಷ, ಮೀಡಿಯಂ ಎಂದರೆ 3ರಿಂದ 4, ಮೀಡಿಯಂ ಟು ಲಾಂಗ್ ಎಂದರೆ 4ರಿಂದ 7, ಲಾಂಗ್ ಎಂದರೆ 7 ವರ್ಷಕ್ಕಿಂತ ಹೆಚ್ಚು. ಹೆಸರು ನೋಡಿದರೇ ಅರ್ಧ ವಿಷಯ ತಿಳಿಯುತ್ತದೆ. ಉಳಿದರ್ಧಕ್ಕೆ ಫ್ಯಾಕ್ಟ್‌ಶೀಟ್‌ನಲ್ಲಿ ಸಾಮಾನ್ಯವಾಗಿ ಒಟ್ಟಿಗೇ ಇರುವ ಮೂರು ಸಾಲು ನೋಡಬೇಕು: ಸರಾಸರಿ ಮೆಚ್ಯೂರಿಟಿ, ಮೆಕಾಲೆ ಡ್ಯುರೇಶನ್ ಅಥವಾ ಮಾಡಿಫೈಡ್ ಡ್ಯುರೇಶನ್, ಮತ್ತು ವೈಟಿಎಂ ಎಂದು ಬರೆದಿರುವ ಇಳುವರಿ. ಮೆಚ್ಯೂರಿಟಿಯನ್ನೇ ಡ್ಯುರೇಶನ್ ಎಂದು ಓದಿಬಿಡುವವರು ಬಹಳ. ಬೆಲೆಯ ಏರಿಳಿತ ತಿಳಿಯಲು ಬೇಕಾದದ್ದು ಮಾಡಿಫೈಡ್ ಡ್ಯುರೇಶನ್.

ಅದನ್ನು ಇಳುವರಿಯ ಪಕ್ಕದಲ್ಲಿಟ್ಟು ನೋಡಿದರೆ ಹೂಡಿಕೆಯ ಸ್ವಭಾವ ಗೊತ್ತಾಗುತ್ತದೆ. ನಮ್ಮ ಎರಡು ಬಾಂಡ್‌ಗಳನ್ನೇ ಒಂದು ವರ್ಷ ಇಟ್ಟುಕೊಂಡು ಮಾರಿದೆವು, ಅಷ್ಟರಲ್ಲಿ ದರ ಶೇ 8 ಆಗಿತ್ತು ಎಂದುಕೊಳ್ಳೋಣ. ಮೂರು ವರ್ಷದ ಬಾಂಡ್ 982 ರೂಪಾಯಿಗೆ ಮಾರಾಟವಾಗುತ್ತದೆ. 70 ರೂಪಾಯಿ ಬಡ್ಡಿ ಸೇರಿಸಿದರೆ ವರ್ಷದ ಗಳಿಕೆ ಶೇ 5.2. ಹತ್ತು ವರ್ಷದ್ದು 937 ರೂಪಾಯಿ 50 ಪೈಸೆಗೆ ಹೋಗುತ್ತದೆ, ಬಡ್ಡಿ ಸೇರಿಸಿದರೂ ಗಳಿಕೆ ಶೇ 0.75 ಮಾತ್ರ. ದರ ಶೇ 6ಕ್ಕೆ ಇಳಿದಿದ್ದರೆ ಹತ್ತು ವರ್ಷದ್ದು ಶೇ 13.8 ಕೊಡುತ್ತಿತ್ತು, ಮೂರು ವರ್ಷದ್ದು ಶೇ 8.8. ದೀರ್ಘಾವಧಿ ಫಂಡ್‌ಗಳ ಜಾಹೀರಾತಿನಲ್ಲಿ ಕಳೆದ ವರ್ಷದ ಎರಡಂಕಿಯ ಗಳಿಕೆ ಕಂಡಾಗ, ಅದರಲ್ಲಿ ಎಷ್ಟು ಪಾಲು ಬಡ್ಡಿಯದು, ಎಷ್ಟು ಪಾಲು ದರ ಇಳಿದದ್ದರಿಂದ ಬಂದದ್ದು ಎಂದು ಕೇಳಿಕೊಳ್ಳಬೇಕು. ಎರಡನೆಯ ಪಾಲು ಮುಂದಿನ ವರ್ಷವೂ ಬರುತ್ತದೆ ಎನ್ನುವಂತಿಲ್ಲ. ದರ ತಿರುಗಿದರೆ ಅದೇ ಲೆಕ್ಕದಲ್ಲಿ ವಾಪಸೂ ಹೋಗುತ್ತದೆ.

ಬಾಂಡ್‌ಗೂ ಫಂಡ್‌ಗೂ ಇರುವ ಒಂದು ವ್ಯತ್ಯಾಸವನ್ನು ಮಾತ್ರ ಮರೆಯಬಾರದು. ಬಾಂಡ್ ವರ್ಷ ಕಳೆದಂತೆ ಮುಕ್ತಾಯದ ಹತ್ತಿರ ಬರುತ್ತದೆ, ಅದರ ಡ್ಯುರೇಶನ್ ಕರಗುತ್ತಾ ಹೋಗುತ್ತದೆ, ಕೊನೆಯ ದಿನ ಮುಖಬೆಲೆ ಕೈಸೇರುತ್ತದೆ. ಸಾಮಾನ್ಯ ಸಾಲಪತ್ರ ಫಂಡ್‌ನ ಮ್ಯಾನೇಜರ್ ಹಳೆಯದನ್ನು ಮಾರಿ ಹೊಸದನ್ನು ಕೊಳ್ಳುತ್ತಲೇ ಇರುತ್ತಾರೆ. ಇವತ್ತು 7 ಇರುವ ಡ್ಯುರೇಶನ್ ಐದು ವರ್ಷದ ನಂತರವೂ 7ರ ಆಸುಪಾಸಿನಲ್ಲೇ ಇರಬಹುದು. ಮಗಳ ಓದಿಗೆಂದು ಏಳು ವರ್ಷದ ಗುರಿಯಿಟ್ಟು ಅಂಥ ಫಂಡ್‌ನಲ್ಲಿ ಹಣ ಹಾಕಿದವರಿಗೆ ಮೊದಲ ದಿನ ಎಲ್ಲವೂ ಸರಿಯಾಗಿಯೇ ಹೊಂದಿರುತ್ತದೆ. ಐದು ವರ್ಷ ಕಳೆದಾಗ ಕಾಲೇಜಿನ ಶುಲ್ಕಕ್ಕೆ ಉಳಿದಿರುವುದು ಎರಡೇ ವರ್ಷ, ಫಂಡ್‌ನ ಡ್ಯುರೇಶನ್ ಇನ್ನೂ ಏಳು. ಆ ಹೊತ್ತಿನಲ್ಲಿ ದರ ಶೇ 1 ಏರಿದರೆ ಶೇ 6ರಿಂದ 7ರಷ್ಟು ಹೋಗುತ್ತದೆ, ಅದನ್ನು ತುಂಬಿಕೊಳ್ಳಲು ಕಾಲ ಸಾಲದು. ಇದಕ್ಕೆ ಎರಡು ದಾರಿಗಳಿವೆ. ನಿಗದಿತ ವರ್ಷಕ್ಕೆ ಮುಗಿಯುವ ಟಾರ್ಗೆಟ್ ಮೆಚ್ಯೂರಿಟಿ ಫಂಡ್ ಅಥವಾ ಬಾಂಡ್ ಅನ್ನೇ ಮೊದಲು ಆರಿಸಿಕೊಂಡರೆ ಡ್ಯುರೇಶನ್ ತಾನಾಗಿ ಇಳಿಯುತ್ತಾ ಬರುತ್ತದೆ. ಇಲ್ಲವಾದರೆ ಗುರಿ ಹತ್ತಿರವಾದಂತೆ ವರ್ಷಕ್ಕೊಮ್ಮೆ ಹಣವನ್ನು ಸ್ವಲ್ಪ ಸ್ವಲ್ಪವಾಗಿ ಕಡಿಮೆ ಡ್ಯುರೇಶನ್‌ನ ಫಂಡ್‌ಗೆ ವರ್ಗಾಯಿಸಬೇಕು.

ಮುಂದಿನ ರೆಪೊ ದರ ಏನಾಗುತ್ತದೆ ಎಂದು ಊಹಿಸುವುದರಲ್ಲಿ ಪರಿಣತರೂ ಎಡವುತ್ತಾರೆ. ಹಣ ಯಾವಾಗ ಬೇಕು ಎಂಬುದು ಮಾತ್ರ ನಿಮಗೆ ಗೊತ್ತಿರುವ ಸಂಗತಿ, ಡ್ಯುರೇಶನ್ ಎಷ್ಟು ಎಂಬುದು ಫ್ಯಾಕ್ಟ್‌ಶೀಟ್‌ನಲ್ಲಿ ಅಚ್ಚಾಗಿರುವ ಸಂಗತಿ. ವರ್ಷಕ್ಕೊಮ್ಮೆ ಈ ಎರಡು ಸಂಖ್ಯೆಗಳನ್ನು ಅಕ್ಕಪಕ್ಕ ಬರೆದು, ಅಂತರ ಎಷ್ಟಿದೆ ಎಂದು ನೋಡಿ. ಡ್ಯುರೇಶನ್ ದೊಡ್ಡದಾಗಿದ್ದರೆ ಆ ಅಂತರವನ್ನು ಕಿರಿದು ಮಾಡುವ ಕೆಲಸವನ್ನು ದರ ಏರುವ ಮೊದಲೇ ಮಾಡಬೇಕು, ಏರಿದ ಮೇಲೆ ಮಾಡಿದರೆ ನಷ್ಟವನ್ನು ಖಾಯಂ ಮಾಡಿಕೊಂಡಂತೆ.